ಒಂದು ಯುದ್ಧ, ಎರಡು ಕದನ, ಒಂದು ಮುತ್ತಿಗೆ: ಇತಿಹಾಸದ ಪಾಠದಲ್ಲಿ ಕಾಳಗದ ಪದಗಳು

ಮೂರನೇ ಪಾಣಿಪತ್ ಯುದ್ಧ, ಮೂರನೇ ಆಂಗ್ಲೋ-ಮೈಸೂರು ಯುದ್ಧ. ಶಾಲೆಯ ಪಠ್ಯದಲ್ಲಿ ಈ ಎರಡು ಹೆಸರುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಆದರೆ ಮೊದಲನೆಯದು 1761ರ ಜನವರಿ 14ರಂದು ಬೆಳಗ್ಗೆ ಶುರುವಾಗಿ ಅಂದೇ ಸಂಜೆಯೊಳಗೆ ಮುಗಿದುಹೋಯಿತು. ಎರಡನೆಯದು 1790ರಿಂದ 1792ರವರೆಗೆ ಎಳೆಯಿತು. ಬೆಂಗಳೂರು, ನಂದಿದುರ್ಗ, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲವೂ ಅದರ ಹೊಟ್ಟೆಯೊಳಗೇ ಬರುತ್ತವೆ. ‘ಮೂರನೇ’ ಎಂಬ ಮಾತಿಗೂ ಎರಡು ಕಡೆ ಎರಡು ಅರ್ಥವಿದೆ. ಮೈಸೂರಿನ ಮೂರನೇ ಯುದ್ಧ ಎರಡನೆಯದರ ಹಗೆಯ ಮುಂದುವರಿಕೆ. ಪಾಣಿಪತ್ತಿನ ಮೂರಕ್ಕೆ, ಅಂದರೆ 1526, 1556 ಮತ್ತು 1761ರವಕ್ಕೆ, ನೆಲವೊಂದು ಬಿಟ್ಟರೆ ನೇರವಾದ ನಂಟಿಲ್ಲ. ಕಾದಾಡಿದವರೂ ಬೇರೆ, ಕಾರಣವೂ ಬೇರೆ.

ಇಂಥಲ್ಲಿ ಮಕ್ಕಳು ಎಡವಿದರೆ ತಪ್ಪು ಅವರದ್ದಲ್ಲ. ಕನ್ನಡದ ‘ಯುದ್ಧ’ ಎಂಬ ಪದ ಎರಡು ಕೆಲಸ ಮಾಡುತ್ತದೆ. ಎರಡು ರಾಜ್ಯಗಳ ನಡುವೆ ವರ್ಷಗಟ್ಟಲೆ ನಡೆದು ಒಪ್ಪಂದದಲ್ಲಿ ಮುಗಿಯುವ ಹೋರಾಟಕ್ಕೂ ಅದೇ ಹೆಸರು, ಒಂದು ಬಯಲಿನಲ್ಲಿ ಒಂದೇ ದಿನ ನಡೆದ ಕಾಳಗಕ್ಕೂ ಅದೇ ಹೆಸರು. ಎರಡನೆಯದಕ್ಕೆ ‘ಕದನ’ ಎಂಬ ಪ್ರತ್ಯೇಕ ಪದವಿದೆ. ಪಠ್ಯಗಳು ಅದನ್ನು ಬಳಸುತ್ತವೆ, ಆದರೆ ಒಂದೇ ಸಮನೆ ಬಳಸುವುದಿಲ್ಲ. ಪ್ಲಾಸಿ ಒಂದು ಪುಟದಲ್ಲಿ ಕದನ, ಇನ್ನೊಂದು ಪುಟದಲ್ಲಿ ಯುದ್ಧ. 1565ರದ್ದು ತಾಳಿಕೋಟೆ ಯುದ್ಧವೂ ಹೌದು, ರಕ್ಕಸ-ತಂಗಡಿ ಕಾಳಗವೂ ಹೌದು. ಹಾಗಾಗಿ ಪದವನ್ನಷ್ಟೇ ನೋಡಿ ಘಟನೆಯ ಗಾತ್ರವನ್ನು ಅಳೆಯಲಾಗದು. ಹೆಸರಿನ ಉಳಿದ ಭಾಗವನ್ನೂ, ಅದರ ಜೊತೆ ಬರುವ ಕ್ರಿಯಾಪದವನ್ನೂ ನೋಡಬೇಕು.

ಹೆಸರಿನಲ್ಲಿ ಇಬ್ಬರು ಎದುರಾಳಿಗಳಿದ್ದರೆ, ಆಂಗ್ಲೋ-ಮೈಸೂರು, ಆಂಗ್ಲೋ-ಮರಾಠ, ಆಂಗ್ಲೋ-ಸಿಖ್ ಎಂಬಂತೆ, ಅದು ದೊಡ್ಡ ಅರ್ಥದ ಯುದ್ಧ. ಹೆಸರಿನಲ್ಲಿ ಒಂದು ಊರು ಮಾತ್ರ ಇದ್ದರೆ ಬಹುಪಾಲು ಅದು ಕದನ: ಪ್ಲಾಸಿ, ಬಕ್ಸಾರ್, ಪೊಳ್ಳಿಲೂರು. ‘ಬಹುಪಾಲು’ ಎಂದದ್ದಕ್ಕೆ ಕಾರಣವಿದೆ. ಕರ್ನಾಟಿಕ್ ಯುದ್ಧಗಳು ಜಾಗದ ಹೆಸರು ಹೊತ್ತಿದ್ದರೂ ಅವು ಕದನಗಳಲ್ಲ. ಕಾರ್ಗಿಲ್ ಯುದ್ಧವೂ ತಿಂಗಳುಗಟ್ಟಲೆ, ಹಲವು ಶಿಖರಗಳ ಮೇಲೆ ನಡೆಯಿತು. ಅನುಮಾನ ಬಂದಾಗ ಎರಡು ಪ್ರಶ್ನೆ ಸಾಕು. ಪಠ್ಯ ಇದಕ್ಕೆ ಒಂದು ತಾರೀಖು ಕೊಟ್ಟಿದೆಯೋ, ಇಸವಿಯಿಂದ ಇಸವಿಗೆ ಅವಧಿ ಕೊಟ್ಟಿದೆಯೋ? ಇದರ ಕೊನೆಯಲ್ಲಿ ಒಪ್ಪಂದ ಆಯಿತೋ, ಒಬ್ಬರು ಕಣ ಬಿಟ್ಟು ಹೋದರೋ? ಅವಧಿಯೂ ಒಪ್ಪಂದವೂ ಇದ್ದರೆ ಯುದ್ಧ. ತಾರೀಖು ಒಂದೇ ಇದ್ದು, ಸೋತವರು ಹಿಂದೆ ಸರಿದಲ್ಲಿಗೆ ಕಥೆ ನಿಂತರೆ ಕದನ.

ಕ್ರಿಯಾಪದ ಇನ್ನೂ ನಂಬಿಕೆಯ ಸಾಕ್ಷಿ. ಯುದ್ಧವನ್ನು ‘ಸಾರುತ್ತಾರೆ’. ಕದನವನ್ನು ಯಾರೂ ಸಾರುವುದಿಲ್ಲ, ಅದಕ್ಕೆ ‘ಇಳಿಯುತ್ತಾರೆ’. ಕೋಟೆಗೆ ಮುತ್ತಿಗೆ ‘ಹಾಕುತ್ತಾರೆ’, ಲಗ್ಗೆ ‘ಇಡುತ್ತಾರೆ’. ರಾಜ್ಯದ ಮೇಲೆ ‘ದಂಡೆತ್ತಿ ಹೋಗುತ್ತಾರೆ’. ಚಕಮಕಿ ಮಾತ್ರ ತಾನಾಗಿ ‘ನಡೆಯುತ್ತದೆ’, ಘರ್ಷಣೆ ‘ಸಂಭವಿಸುತ್ತದೆ’. ಈ ಕೊನೆಯ ಎರಡರಲ್ಲಿ ಮಾಡಿದವರು ಯಾರೆಂಬುದು ವಾಕ್ಯದಿಂದಲೇ ಮಾಯವಾಗುತ್ತದೆ. ಆ ವಿಷಯಕ್ಕೆ ಮುಂದೆ ಬರೋಣ.

1799: ಒಂದರೊಳಗೊಂದು

ಪದಗಳ ಅರ್ಥವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದಕ್ಕಿಂತ ಒಂದು ಯುದ್ಧವನ್ನು ಬಿಚ್ಚಿ ನೋಡುವುದು ಒಳ್ಳೆಯದು. ಅದಕ್ಕೆ ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧದಷ್ಟು ಅನುಕೂಲದ ಉದಾಹರಣೆ ಸಿಗುವುದು ಕಷ್ಟ. ಮೂರು ತಿಂಗಳೊಳಗೆ ಎಲ್ಲ ಬಗೆಯ ಕಾದಾಟವೂ ಅದರಲ್ಲಿ ಬಂದುಹೋಗುತ್ತದೆ, ಪಠ್ಯದಲ್ಲಿ ಅದಕ್ಕೆ ಸಿಗುವುದು ಒಂದೆರಡು ಪ್ಯಾರಾ ಮಾತ್ರ.

ಮೊದಲು ಬರುವುದು ಸಂಘರ್ಷ. ಇದು ಗುಂಡು ಹಾರುವ ಮುಂಚಿನ ಹಂತ. ಟಿಪ್ಪು ಫ್ರೆಂಚರ ನೆರವು ಬೇಡಿ ಮಾರಿಷಸ್‌ಗೆ ದೂತರನ್ನು ಕಳಿಸಿದ್ದ. ಅಲ್ಲಿನ ಫ್ರೆಂಚ್ ಗವರ್ನರ್ 1798ರ ಜನವರಿಯಲ್ಲಿ ಅದನ್ನು ಬಹಿರಂಗ ಪ್ರಕಟಣೆ ಮಾಡಿಬಿಟ್ಟ. ಅದೇ ವರ್ಷ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿ ಹೈದರಾಬಾದಿನ ನಿಜಾಮನನ್ನು ಸಹಾಯಕ ಸೈನ್ಯ ಪದ್ಧತಿಗೆ ಒಳಪಡಿಸಿ, ಟಿಪ್ಪುವೂ ಒಪ್ಪಬೇಕೆಂದು ಒತ್ತಡ ಹೇರಿದ. ಇಲ್ಲಿ ಪಠ್ಯ ‘ಹಿತಾಸಕ್ತಿಗಳ ಘರ್ಷಣೆ’ ಎಂದೋ ‘ಸಂಘರ್ಷಕ್ಕೆ ಕಾರಣವಾಯಿತು’ ಎಂದೋ ಬರೆಯುತ್ತದೆ. ಆ ಘರ್ಷಣೆಯಲ್ಲಿ ಯಾರೂ ಸತ್ತಿಲ್ಲ, ಯಾವ ಸೈನ್ಯವೂ ಎದುರುಬದುರಾಗಿಲ್ಲ. ‘ಯುದ್ಧಕ್ಕೆ ಕಾರಣಗಳು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಹಂತದಲ್ಲೇ, ಮುಂದೆ ಬರುವ ಕದನಗಳಲ್ಲಲ್ಲ. ಮಳವಳ್ಳಿಯ ಸೋಲನ್ನು ‘ಕಾರಣ’ ಎಂದು ಬರೆದ ಉತ್ತರಕ್ಕೆ ಅಂಕ ಹೋಗುವುದು ಈ ಗೆರೆ ಅಳಿಸಿಹೋಗಿರುವುದರಿಂದ.

1799ರ ಫೆಬ್ರವರಿ 22ರಂದು ಕಂಪನಿ ಯುದ್ಧ ಸಾರಿತು. ಯುದ್ಧ ಎಂಬ ದೊಡ್ಡ ಚೌಕಟ್ಟು ತೆರೆಯುವುದು ಇಲ್ಲಿಂದ. ಅದರೊಳಗೆ ಮೊದಲು ಬರುವುದು ದಂಡಯಾತ್ರೆ, ಅಂದರೆ ಒಂದು ಗುರಿ ಇಟ್ಟುಕೊಂಡು ಸೈನ್ಯವೊಂದು ಸಾಗುವ ಇಡೀ ಪಯಣ. ಈ ಯುದ್ಧದಲ್ಲಿ ಅಂಥವು ಎರಡು. ಪೂರ್ವದಲ್ಲಿ ವೆಲ್ಲೂರಿನಿಂದ ಹ್ಯಾರಿಸ್‌ನ ಸೈನ್ಯ ಹೊರಟು ನಿಜಾಮನ ಪಡೆಯನ್ನು ಸೇರಿಸಿಕೊಂಡಿತು. ಪಶ್ಚಿಮದಲ್ಲಿ ಕಣ್ಣಾನೂರಿನಿಂದ ಸ್ಟುವರ್ಟ್‌ನ ಬೊಂಬಾಯಿ ಸೈನ್ಯ ಕೊಡಗಿನ ಕಾಡು ಹತ್ತಿತು. ಇಬ್ಬರ ಗುರಿಯೂ ಶ್ರೀರಂಗಪಟ್ಟಣ. ದಂಡಯಾತ್ರೆಯ ಬಹುಭಾಗ ಕಾದಾಟವೇ ಅಲ್ಲ, ನಡಿಗೆ. ಹ್ಯಾರಿಸ್‌ನ ಹಿಂದೆ ಕೋಟೆ ಒಡೆಯುವ ಭಾರದ ಫಿರಂಗಿಗಳೂ ದವಸ ಹೊತ್ತ ಲಕ್ಷಕ್ಕೂ ಮಿಕ್ಕಿದ ಎತ್ತುಗಳೂ ಇದ್ದವು. ಆ ಎತ್ತುಗಳಿಗೆ ಮೇವು ಬೇಕು. ಮೈಸೂರಿನ ಸವಾರರು ದಾರಿಯ ಮೇವನ್ನು ಸುಡುತ್ತಾ ಹೋದರು. ಎತ್ತು ಸತ್ತಷ್ಟೂ ಸೈನ್ಯದ ನಡೆ ನಿಧಾನವಾಯಿತು. ಪಠ್ಯ ‘ದಂಡೆತ್ತಿ ಬಂದರು’ ಎಂದು ಒಂದೇ ಮಾತಿನಲ್ಲಿ ದಾಟಿಸುವುದು ಈ ಐದಾರು ವಾರವನ್ನು.

ಈ ಪಯಣದ ನಡುವೆ ಎರಡು ಕದನಗಳು ಬರುತ್ತವೆ. ಮಾರ್ಚ್ 6ರಂದು ಟಿಪ್ಪು ಪಶ್ಚಿಮಕ್ಕೆ ಧಾವಿಸಿ, ಪಿರಿಯಾಪಟ್ಟಣದಾಚೆ ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಬೊಂಬಾಯಿ ಸೈನ್ಯದ ಮುಂಚೂಣಿಯ ಮೇಲೆ ಬಿದ್ದ. ಅದು ಒಂದು ದಿನದ ಕಾದಾಟ. ಉಳಿದ ಸೈನ್ಯ ನೆರವಿಗೆ ಬಂದಾಗ ಟಿಪ್ಪು ಹಿಂದೆ ಸರಿಯಬೇಕಾಯಿತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಅವನು ಹ್ಯಾರಿಸ್‌ನನ್ನು ಎದುರಿಸಿದ, ಅಲ್ಲೂ ಸರಿದ. ಇವೆರಡನ್ನು ಕದನ ಎನ್ನಲು ಸತ್ತವರ ಲೆಕ್ಕವಷ್ಟೇ ಆಧಾರವಲ್ಲ. ಎರಡೂ ಕಡೆಯ ಮುಖ್ಯ ಪಡೆಗಳು, ಮುಖ್ಯ ಸೇನಾನಿಗಳ ಆಜ್ಞೆಯಂತೆ, ಏನನ್ನಾದರೂ ತೀರ್ಮಾನಿಸಲೆಂದೇ ಕಾದಿದವು. ಸಿದ್ದೇಶ್ವರದಲ್ಲಿ ತೀರ್ಮಾನವಾದದ್ದು ಪಶ್ಚಿಮದ ಸೈನ್ಯವನ್ನು ಮುಂಚೆಯೇ ಮುರಿಯಲಾಗದು ಎಂಬುದು. ಮಳವಳ್ಳಿಯಲ್ಲಿ ತೀರ್ಮಾನವಾದದ್ದು ಪೂರ್ವದ ಸೈನ್ಯವನ್ನು ಬಯಲಿನಲ್ಲಿ ತಡೆಯಲಾಗದು ಎಂಬುದು. ಅದಾದ ಮೇಲೆ ಹ್ಯಾರಿಸ್ ಟಿಪ್ಪು ಎಣಿಸದ ಕಡೆ, ಸೋಸಲೆಯ ಬಳಿ ಕಾವೇರಿ ದಾಟಿದ. ಕದನದ ‘ಪರಿಣಾಮ’ ಎಂದರೆ ಇಷ್ಟೇ: ಮುಂದಿನ ನಡೆ ಯಾರ ಕೈಗೆ ಹೋಯಿತು. ರಾಜ್ಯ ಯಾರಿಗೆ ಹೋಯಿತು ಎಂಬುದು ಯುದ್ಧದ ಪರಿಣಾಮ. ಪಠ್ಯದ ಅಭ್ಯಾಸದಲ್ಲಿ ಈ ಎರಡು ಬೆರೆತುಹೋಗುವುದೇ ಹೆಚ್ಚು.

ಮಳವಳ್ಳಿ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಅಂದು ಹ್ಯಾರಿಸ್ ಬಂದದ್ದು ಬೀಡುಬಿಡಲು. ಎದುರಿನ ದಿಬ್ಬದ ಮೇಲಿಂದ ಮೈಸೂರಿನ ಫಿರಂಗಿಗಳು ಹಾರಿದವು, ಸವಾರರು ಕಾವಲು ತುಕಡಿಗಳ ಮೇಲೆ ಬಿದ್ದರು, ಆ ತುಕಡಿಗಳ ಬೆನ್ನಿಗೆ ಮತ್ತಷ್ಟು ಪಡೆ ಬಂತು, ಸಾಲು ಉದ್ದವಾಗುತ್ತಾ ಹೋಯಿತು. ಮೊದಲ ಗಳಿಗೆಯಲ್ಲಿ ಅದು ಚಕಮಕಿ. ಮುಖ್ಯ ಸೈನ್ಯ ಕೂಡಿಕೊಂಡ ಮೇಲೆ ಕದನ. ಅಂದರೆ ಈ ಪದಗಳು ಘಟನೆ ಮುಗಿದ ಮೇಲೆ, ಅದು ಎಲ್ಲಿಗೆ ಬೆಳೆಯಿತು ಎಂಬುದನ್ನು ನೋಡಿ ಇತಿಹಾಸಕಾರರು ಕೊಡುವ ಹೆಸರುಗಳು. ಕಣದಲ್ಲಿದ್ದ ಸಿಪಾಯಿಗೆ ತಾನು ಚಕಮಕಿಯಲ್ಲಿದ್ದೇನೋ ಕದನದಲ್ಲಿದ್ದೇನೋ ತಿಳಿಯುವ ಬಗೆಯಿರಲಿಲ್ಲ.

ಚಕಮಕಿಯಾಗಿಯೇ ಉಳಿದದ್ದೊಂದು ಏಪ್ರಿಲ್ 5ರ ರಾತ್ರಿ ನಡೆಯಿತು. ಕೋಟೆಯ ಮುಂದೆ ಬೀಡುಬಿಟ್ಟ ಕಂಪನಿಯ ಸೈನ್ಯದ ಎದುರಿಗೆ ಸುಲ್ತಾನ್‌ಪೇಟೆಯ ತೋಪಿತ್ತು. ಅದರೊಳಗೆ ಕಾಲುವೆಗಳು ಹಾದುಹೋಗಿದ್ದವು. ಅಲ್ಲಿ ಅಡಗಿದ್ದ ಮೈಸೂರಿನವರು ಬಾಣಗಳನ್ನು, ಅಂದರೆ ಇಂದು ನಾವು ರಾಕೆಟ್ ಎನ್ನುವ ಆ ಅಸ್ತ್ರವನ್ನು, ಬೀಡಿನತ್ತ ಹಾರಿಸುತ್ತಿದ್ದರು. ಅವರನ್ನು ತೆರವು ಮಾಡಲು ಗವರ್ನರ್ ಜನರಲನ ತಮ್ಮ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ತೋಪಿಗೆ ನುಗ್ಗಿದ. ಮರ, ಕಾಲುವೆ, ಕಗ್ಗತ್ತಲು. ತುಕಡಿ ದಿಕ್ಕೆಟ್ಟು ಚದುರಿತು, ಹನ್ನೆರಡು ಮಂದಿ ಸೆರೆಸಿಕ್ಕರು, ಅವನ ಮೊಣಕಾಲಿಗೂ ಗುಂಡಿನ ಪೆಟ್ಟು ಬಿತ್ತು. ಮರುದಿನ ಬೆಳಕಿನಲ್ಲಿ ಹೆಚ್ಚು ಪಡೆಯೊಡನೆ ಹೋಗಿ ತೋಪನ್ನು ಹಿಡಿದರು. ಇದನ್ನು ಚಕಮಕಿ ಎನ್ನಲು ಮೂರು ಕಾರಣವಿದೆ. ಕಾದಿದ್ದು ಮುಖ್ಯ ಸೈನ್ಯಗಳಲ್ಲ, ತುಕಡಿಗಳು. ಗುರಿ ಇದ್ದದ್ದು ಒಂದು ಹೊರಠಾಣೆ. ಗೆದ್ದರೂ ಸೋತರೂ ಮುತ್ತಿಗೆ ಮುಂದುವರಿಯುವುದು ನಿಲ್ಲುತ್ತಿರಲಿಲ್ಲ. ಅದೇ ವೆಲ್ಲೆಸ್ಲಿ ಮುಂದೆ ವಾಟರ್‌ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. ಹಾಗಾಗಿ ಅವನ ಜೀವನಚರಿತ್ರೆಗಳಲ್ಲಿ ಈ ರಾತ್ರಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ಮೈಸೂರಿನ ಇತಿಹಾಸದಲ್ಲಿ ಒಂದು ಸಾಲು. ಘಟನೆಯ ಖ್ಯಾತಿ ಬೇರೆ, ಗಾತ್ರ ಬೇರೆ.

ಕಲ್ಲಿಗೆ ಉಕ್ಕು ತಾಗಿಸಿ ಕಿಡಿ ಎಬ್ಬಿಸುವ ಚಕಮಕಿಯ ಹೆಸರೇ ಈ ಕಾದಾಟಕ್ಕೂ ಬಂದಿರುವುದು ಒಪ್ಪುತ್ತದೆ: ಕಿಡಿ ಹಾರಿತು, ಹೊತ್ತಿದರೆ ಬೆಂಕಿ, ಇಲ್ಲದಿದ್ದರೆ ಆರಿತು. ಸಣ್ಣ ಕಾದಾಟಗಳ ವಿಷಯದಲ್ಲಿ ಹಳಗನ್ನಡದವರು ನಮ್ಮ ಪಠ್ಯಗಳಿಗಿಂತ ಕಟ್ಟುನಿಟ್ಟು ಎನ್ನಬೇಕು. ವೀರಗಲ್ಲುಗಳ ಶಾಸನದಲ್ಲಿ ದನ ಹಿಡಿಯಲು ಬಂದವರೊಡನೆ ಕಾದಿದ್ದು ತುರುಗೋಳ್, ಊರನ್ನು ಉಳಿಸಲು ಕಾದಿದ್ದು ಊರಳಿವು, ಹೆಣ್ಣುಮಕ್ಕಳ ಮಾನಕ್ಕಾಗಿ ಕಾದಿದ್ದು ಪೆಣ್ಬುಯ್ಯಲ್. ಯಾವುದಕ್ಕಾಗಿ ಕಾದು ಸತ್ತರು ಎಂಬುದು ಹೆಸರಿನಲ್ಲೇ ಇದೆ. ಇವೆಲ್ಲವನ್ನೂ ‘ಸ್ಥಳೀಯ ಚಕಮಕಿಗಳು’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಕಲ್ಲಿನಲ್ಲಿ ಕೊರೆದಿಟ್ಟ ಮಾಹಿತಿಯನ್ನು ಕೈಯಾರೆ ಕಳೆದಂತೆ.

ಮುತ್ತಿಗೆ ಮತ್ತು ಲಗ್ಗೆ

ಮಕ್ಕಳ ಉತ್ತರಪತ್ರಿಕೆಯಲ್ಲಿ ಹೆಚ್ಚು ಕಲಸುಮೇಲೋಗರವಾಗುವುದು ಈ ಜೋಡಿ. ‘1799ರ ಮೇ 4ರಂದು ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದರು’ ಎಂಬ ವಾಕ್ಯ ಎಷ್ಟೋ ಕಡೆ ಓದಸಿಗುತ್ತದೆ. ತಪ್ಪು. ಮೇ 4 ಮುತ್ತಿಗೆ ಮುಗಿದ ದಿನ. ಮುತ್ತಿಗೆ ಏಪ್ರಿಲ್ ಮೊದಲ ವಾರದಲ್ಲೇ ಶುರುವಾಗಿತ್ತು. ಮೇ 4ರಂದು ನಡೆದದ್ದು ಲಗ್ಗೆ.

ಮುತ್ತಿಗೆ ಎಂದರೆ ಕೋಟೆಯನ್ನು ಹೊರಗಿನಿಂದ ಬಿಗಿದು, ಒಳಗಿನವರು ಶರಣಾಗುವವರೆಗೆ ಅಥವಾ ಗೋಡೆ ಒಡೆಯುವವರೆಗೆ ಮಾಡುವ ಕೆಲಸ. ಅದು ಬಹುಮಟ್ಟಿಗೆ ಅಗೆತದ ಕೆಲಸ. ಮೊದಲು ಹೊರಠಾಣೆಗಳನ್ನು ಕಸಿದುಕೊಳ್ಳಬೇಕು. ಸುಲ್ತಾನ್‌ಪೇಟೆಯ ತೋಪಿನ ಕಾದಾಟ ನಡೆದದ್ದು ಇದಕ್ಕೇ. ಆಮೇಲೆ ಗೋಡೆಯ ಮೇಲಿನ ಗುಂಡು ನೇರವಾಗಿ ತಾಗದಂತೆ ಓರೆಯಾಗಿ ಕಂದಕ ತೋಡುತ್ತಾ ಹತ್ತಿರ ಸರಿಯಬೇಕು. ಸಾಕಷ್ಟು ಸಮೀಪಿಸಿದ ಮೇಲೆ ದೊಡ್ಡ ಫಿರಂಗಿಗಳನ್ನು ಮಣ್ಣಿನ ಒಡ್ಡಿನ ಹಿಂದೆ ಹೂಡಿ, ಗೋಡೆಯ ಒಂದೇ ಜಾಗಕ್ಕೆ ದಿನವಿಡೀ ಹೊಡೆಯಬೇಕು. ಗೋಡೆ ಕುಸಿದು, ಅದರ ಕಲ್ಲುಮಣ್ಣು ಅಗಳಿಗೆ ಬಿದ್ದು, ಮನುಷ್ಯ ಹತ್ತಬಹುದಾದ ಇಳಿಜಾರು ಆಗಬೇಕು. ಶ್ರೀರಂಗಪಟ್ಟಣದಲ್ಲಿ ಆ ಬಿರುಕು ಬಿಟ್ಟದ್ದು ಕೋಟೆಯ ವಾಯವ್ಯ ಮೂಲೆಯ ಹತ್ತಿರ, ಪಶ್ಚಿಮದ ಗೋಡೆಯಲ್ಲಿ. ಮೇ 3ರ ಹೊತ್ತಿಗೆ ಅದು ಹತ್ತುವಷ್ಟು ಅಗಲವಾಗಿತ್ತು.

ಆತುರಕ್ಕೂ ಕಾರಣವಿತ್ತು. ಕೋಟೆ ಇರುವುದು ಕಾವೇರಿಯ ದ್ವೀಪದಲ್ಲಿ. ಬೇಸಿಗೆಯಲ್ಲಿ ಹೊಳೆಯನ್ನು ಕಾಲ್ನಡಿಗೆಯಲ್ಲಿ ದಾಟಬಹುದು, ಮುಂಗಾರು ಹಿಡಿದರೆ ಸಾಧ್ಯವಿಲ್ಲ. ಹೊರಗಿದ್ದ ಸೈನ್ಯದ ದವಸವೂ ತಳ ಕಾಣುತ್ತಿತ್ತು. ಮುತ್ತಿಗೆಯಲ್ಲಿ ಸಮಯ ಎರಡೂ ಕಡೆಗೆ ಶತ್ರು. ಹಸಿಯುವುದು ಒಳಗಿನವರು ಮಾತ್ರ ಎಂದುಕೊಂಡರೆ ಮುತ್ತಿಗೆಗಳು ಏಕೆ ಸೋಲುತ್ತವೆ ಎಂಬುದು ಅರ್ಥವಾಗದು.

ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಬೇರ್ಡ್‌ನ ಮುಂದಾಳುತನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಕಂದಕದಿಂದೆದ್ದು, ಹೊಳೆ ದಾಟಿ, ಬಿರುಕು ಹತ್ತಿದರು. ಗೋಡೆ ಅವರ ಕೈಸೇರಲು ಹಿಡಿದದ್ದು ನಿಮಿಷಗಳು. ಗೋಡೆಯ ಉದ್ದಕ್ಕೂ, ಆಮೇಲೆ ಊರೊಳಗೆ ಕಾದಾಟ ಮುಂದುವರಿಯಿತು. ಟಿಪ್ಪು ಕೋಟೆಯ ದಿಡ್ಡಿಯೊಂದರ ಬಳಿ ಕಾದುತ್ತಲೇ ಬಿದ್ದ. ಇದು ಲಗ್ಗೆ: ಮುತ್ತಿಗೆಯ ಕೊನೆಯ, ಅತ್ಯಂತ ಗಿಡ್ಡ, ಅತ್ಯಂತ ರಕ್ತಸಿಕ್ತ ತುದಿ. ದಿನವಿಡೀ ಮುತ್ತಿಗೆ ಹಾಕಬಹುದು, ತಿಂಗಳಿಡೀ ಹಾಕಬಹುದು, ಆದರೆ ದಿನವಿಡೀ ಲಗ್ಗೆ ಇಡುವುದಿಲ್ಲ.

ಮುತ್ತಿಗೆ ಎಲ್ಲ ಕಡೆಯೂ ಲಗ್ಗೆಯಲ್ಲಿ ಮುಗಿಯಬೇಕೆಂದಿಲ್ಲ. ಇದೇ ಶ್ರೀರಂಗಪಟ್ಟಣ 1792ರಲ್ಲೂ ಮುತ್ತಿಗೆಗೆ ಒಳಗಾಗಿತ್ತು. ಆಗ ಕಾರ್ನ್‌ವಾಲಿಸ್ ಫೆಬ್ರವರಿ 6ರ ರಾತ್ರಿ ಹೊರಗಿನ ರಕ್ಷಣಾ ಸಾಲುಗಳನ್ನು ಹಿಡಿದ, ಆದರೆ ಒಳಕೋಟೆಗೆ ಯಾರೂ ನುಗ್ಗಲಿಲ್ಲ. ಟಿಪ್ಪು ಒಪ್ಪಂದಕ್ಕೆ ಒಪ್ಪಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 1783ರಲ್ಲಿ ಸ್ವತಃ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಅದು ಮುಂದಿನ ವರ್ಷದ ಜನವರಿಯವರೆಗೆ ಎಳೆದು, ಒಳಗಿನವರು ಹಸಿವಿನಿಂದ ಬಸವಳಿದು ಕೋಟೆ ಬಿಟ್ಟುಕೊಟ್ಟರು. ಇನ್ನೊಂದೆಡೆ 1791ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಒಂದೇ ಮುತ್ತಿಗೆಯಲ್ಲಿ ಎರಡು ಲಗ್ಗೆ ಬಿದ್ದವು: 7ರಂದು ಪೇಟೆಗೆ, 21ರ ರಾತ್ರಿ ಕೋಟೆಗೆ. ಪೇಟೆ ಬಿದ್ದ ದಿನವನ್ನು ‘ಬೆಂಗಳೂರು ಬಿದ್ದ ದಿನ’ ಎಂದು ಬರೆದರೆ ನಡುವಿನ ಎರಡು ವಾರದ ಹೋರಾಟ ಕಳೆದುಹೋಗುತ್ತದೆ.

ಕೆಲವೊಮ್ಮೆ ಮುತ್ತಿಗೆಯ ಹೊಟ್ಟೆಯಲ್ಲೇ ಬಯಲಿನ ಕದನವೂ ಇರುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಅದನ್ನು ಬಿಡಿಸಲು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣಾ ನದಿ ದಾಟಿ ಬಂದ. ಇಬ್ಬರೂ ಬಯಲಿನಲ್ಲಿ ಕಾದಿದರು, ಆದಿಲ್‌ಶಾಹ ಸೋತ. ಆದರೆ ಕೋಟೆ ಆ ದಿನ ಬೀಳಲಿಲ್ಲ; ರಾಯ ಮರಳಿ ಮುತ್ತಿಗೆಗೆ ಕೂತ ಮೇಲೆ ಬಿತ್ತು. ಪಠ್ಯದಲ್ಲಿ ಇಷ್ಟಕ್ಕೂ ‘ರಾಯಚೂರು ಯುದ್ಧ’ ಎಂಬ ಒಂದೇ ಹೆಸರು.

ಈಗ 1799ನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸುವುದಾದರೆ ಎಡ ಅಂಚಿನಲ್ಲಿ ಯುದ್ಧದ ಹೆಸರು, ಫೆಬ್ರವರಿಯಿಂದ ಮೇ ಎಂಬ ಅವಧಿ. ಅದರ ಕೆಳಗೆ ಒಂದು ಬೆರಳಗಲ ಒಳಸರಿಸಿ ಎರಡು ದಂಡಯಾತ್ರೆಗಳು. ಮೊದಲನೆಯದರ ಕೆಳಗೆ ಮತ್ತೂ ಒಳಸರಿಸಿ ಮಳವಳ್ಳಿ, ಎರಡನೆಯದರ ಕೆಳಗೆ ಸಿದ್ದೇಶ್ವರ. ಆಮೇಲೆ ಎರಡು ಸೈನ್ಯಗಳೂ ಕೂಡಿದ ಮುತ್ತಿಗೆ, ಅದರೊಳಗೆ ಸುಲ್ತಾನ್‌ಪೇಟೆಯ ಚಕಮಕಿ, ತುದಿಯಲ್ಲಿ ಮೇ 4ರ ಲಗ್ಗೆ. ಒಳಸರಿಸಿ ಬರೆಯುವುದರಿಂದ ಒಂದು ಸಾಮಾನ್ಯ ತಪ್ಪು ತಾನಾಗಿ ನಿಲ್ಲುತ್ತದೆ. ಕಾಲರೇಖೆಯ ಮೇಲೆ ‘ನಾಲ್ಕನೇ ಯುದ್ಧ, ಮಳವಳ್ಳಿ ಯುದ್ಧ, ಶ್ರೀರಂಗಪಟ್ಟಣ ಯುದ್ಧ’ ಎಂದು ಅಕ್ಕಪಕ್ಕ ಮೂರು ಚುಕ್ಕೆ ಇಟ್ಟರೆ ಟಿಪ್ಪು 1799ರಲ್ಲಿ ಮೂರು ಯುದ್ಧ ಮಾಡಿದಂತೆ ಕಾಣುತ್ತದೆ. ಮಾಡಿದ್ದು ಒಂದೇ ಯುದ್ಧ, ಉಳಿದವು ಅದರ ಒಳಗಿನವು. ಯಾವ ಪಾಠಕ್ಕಾದರೂ ಈ ಕ್ರಮ ಹೊಂದುತ್ತದೆ. ಕೆಲವು ಅಧ್ಯಾಯಗಳಲ್ಲಿ ಪಠ್ಯ ಚಕಮಕಿಗಳ ಹೆಸರನ್ನೇ ಕೊಡುವುದಿಲ್ಲ, ಅಂಥಲ್ಲಿ ಆ ಸಾಲು ಖಾಲಿ ಇದ್ದರೆ ತೊಂದರೆಯಿಲ್ಲ.

ಘರ್ಷಣೆ ಎಂದಾಗ ಏನು ಮರೆಯಾಗುತ್ತದೆ

ಇಲ್ಲಿಯವರೆಗಿನ ಪದಗಳು ಗಾತ್ರ ಹೇಳುವಂಥವು. ಘರ್ಷಣೆ ಹಾಗಲ್ಲ. ಉಜ್ಜಾಟ, ತಿಕ್ಕಾಟ ಎಂಬ ಅದರ ಮೂಲ ಅರ್ಥಕ್ಕೆ ಎರಡು ಮೇಲ್ಮೈಗಳು ಬೇಕು, ಎರಡಕ್ಕೂ ಸಮಪಾಲು ಇರಬೇಕು. ಎರಡು ಗುಂಪುಗಳು ಬೀದಿಯಲ್ಲಿ ಎದುರುಬದುರಾಗಿ ಹೊಡೆದಾಡಿದರೆ ಈ ಪದ ಸರಿ. ಒಂದು ಕಡೆಯಲ್ಲಿ ಬಂದೂಕು, ಇನ್ನೊಂದು ಕಡೆಯಲ್ಲಿ ಬರಿಗೈ ಇದ್ದಾಗ ‘ಘರ್ಷಣೆ ಸಂಭವಿಸಿತು’ ಎಂದು ಬರೆದರೆ ವಾಕ್ಯ ವ್ಯಾಕರಣಬದ್ಧವಾಗಿದ್ದೂ ಸುಳ್ಳಾಗುತ್ತದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ನಡೆದದ್ದು ಹತ್ಯಾಕಾಂಡ. ಅಲ್ಲಿ ಎರಡನೇ ಕಡೆಯವರು ಕಾದಾಡಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ನೆರೆದವರ ಮೇಲೆ ಪೊಲೀಸರು ಹಾರಿಸಿದ್ದು ಗೋಲಿಬಾರ್. ಈ ಎರಡೂ ಪದಗಳಲ್ಲಿ ಮಾಡಿದವರೂ ಅನುಭವಿಸಿದವರೂ ಬೇರೆಬೇರೆಯಾಗಿ ಕಾಣುತ್ತಾರೆ. ಘರ್ಷಣೆ ಎಂಬ ಪದ ಅವರನ್ನು ಒಂದೇ ತಕ್ಕಡಿಯಲ್ಲಿ ಕೂರಿಸುತ್ತದೆ.

ಪರೀಕ್ಷಿಸುವ ಬಗೆ ಸುಲಭ. ‘ಘರ್ಷಣೆ ಸಂಭವಿಸಿತು’ ಎಂಬ ವಾಕ್ಯ ಸಿಕ್ಕಾಗ ಅದನ್ನು ‘ಯಾರು ಯಾರಿಗೆ ಏನು ಮಾಡಿದರು’ ಎಂಬ ಅಚ್ಚಿಗೆ ತಿರುಗಿಸಿ ಬರೆಯಿರಿ. ಎರಡೂ ಕಡೆಯವರು ಕರ್ತೃವಾಗಿ ನಿಂತರೆ ಪದ ಸರಿಯಿದೆ. ಒಬ್ಬರೇ ನಿಂತರೆ ಅಲ್ಲಿ ದಾಳಿ, ಗೋಲಿಬಾರ್, ಹತ್ಯೆ ಇವುಗಳಲ್ಲಿ ಒಂದು ಇರಬೇಕು. ಕರ್ತೃ ಯಾರೆಂದು ಪಠ್ಯದಿಂದ ತಿಳಿಯದೇ ಹೋದರೆ ಅದು ಪಠ್ಯದ ಕೊರತೆ. ಶಿಕ್ಷಕರು ಬೇರೆ ಕಡೆಯಿಂದ ತುಂಬಬೇಕು.

ದಂಗೆ, ಬಂಡಾಯ, ಸಂಗ್ರಾಮ

ಈ ಮೂರಕ್ಕೆ ಗಾತ್ರದ ಅಳತೆಗೋಲು ಹಿಡಿದರೆ ಉಪಯೋಗವಿಲ್ಲ. ಇವು ಕಾದಾಟದ ಅಳತೆಯಲ್ಲ, ಕಾದವನಿಗೆ ಆ ಹಕ್ಕು ಇತ್ತೇ ಎಂಬ ತೀರ್ಪು. ದಂಗೆ ಎಂದರೆ ಶಿಸ್ತು ಮುರಿದು ಎದ್ದದ್ದು ಎಂಬ ಧ್ವನಿ, ಆಳುವವರ ಕಡೆಯಿಂದ ನೋಡಿದ್ದು. ಬಂಡಾಯದಲ್ಲಿ ಅಧಿಕಾರವನ್ನು ಧಿಕ್ಕರಿಸಿದ್ದು ಮುಂದೆ ಬರುತ್ತದೆ, ಅದು ಈಗ ಮೆಚ್ಚುಗೆಯ ಮಾತೂ ಹೌದು. ಸಂಗ್ರಾಮ ಎಂದೊಡನೆ ಉದ್ದೇಶ ನ್ಯಾಯವಾದದ್ದು ಎಂದು ಮೊದಲೇ ಒಪ್ಪಿದಂತೆ. 1857ರ ಒಂದೇ ಘಟನಾವಳಿ ಸಿಪಾಯಿ ದಂಗೆಯೂ ಆಗಿದೆ, ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೂ ಆಗಿದೆ. ದಿಲ್ಲಿಯ ಮುತ್ತಿಗೆ ಎರಡರಲ್ಲೂ ಅದೇ, ಸತ್ತವರೂ ಅವರೇ.

ಗಮನಿಸಬೇಕಾದ್ದು, ಈ ಪದಗಳ ಒಳಗೂ ಗಾತ್ರದ ಪದಗಳು ಎಂದಿನಂತೆ ಕೆಲಸ ಮಾಡುತ್ತವೆ. ಕಿತ್ತೂರಿನ ಹೋರಾಟ ‘ಬಂಡಾಯ’ ಎಂಬ ತಲೆಬರಹದಡಿ ಬಂದರೂ ಅದರೊಳಗೆ 1824ರ ಅಕ್ಟೋಬರ್ 23ರ ಕದನವಿದೆ; ಅಂದು ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಡನೆ ಹಾಕಿದ ಮುತ್ತಿಗೆಯೂ ಇದೆ, ಆಗ ಕೋಟೆ ಬಿತ್ತು. ಚೆನ್ನಮ್ಮ ಗೆದ್ದರೋ ಸೋತರೋ ಎಂಬ ಪ್ರಶ್ನೆಗೆ ಅಕ್ಟೋಬರ್‌ನಲ್ಲಿ ಒಂದು ಉತ್ತರ, ಡಿಸೆಂಬರ್‌ನಲ್ಲಿ ಇನ್ನೊಂದು. ಬಂಡಾಯ ಎಂಬ ಒಂದು ಪದದಡಿ ಎರಡನ್ನೂ ಮಡಚಿಟ್ಟರೆ ಮೊದಲ ಗೆಲುವು ಕಣ್ಣಿಗೆ ಬೀಳುವುದೇ ಇಲ್ಲ.

ಹೆಸರಿನಲ್ಲಿ ಅಡಗಿದ ತೀರ್ಪು ತೀರಾ ಸ್ಪಷ್ಟವಾಗಿ ಕಾಣುವುದು ಧೋಂಡಿಯ ವಾಘನ ವಿಷಯದಲ್ಲಿ. ಅವನು ಟಿಪ್ಪುವಿನ ಸೆರೆಯಲ್ಲಿದ್ದವನು, ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಚದುರಿದ ಮೈಸೂರು ಸೈನಿಕರನ್ನು ಕೂಡಿಸಿಕೊಂಡು ಕೋಟೆಗಳನ್ನು ಹಿಡಿದ. ಅವನ ಬೆನ್ನುಹತ್ತಲು ಆರ್ಥರ್ ವೆಲ್ಲೆಸ್ಲಿಯೇ ಹೊರಟ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಸವಾರರ ಕಾದಾಟದಲ್ಲಿ ಅವನು ಬಿದ್ದ. ಸಾವಿರಾರು ಸವಾರರ ಪಡೆಗಳು, ತಿಂಗಳುಗಟ್ಟಲೆಯ ಬೆನ್ನಟ್ಟುವಿಕೆ, ಮುತ್ತಿಗೆ, ಲಗ್ಗೆ, ಕೊನೆಗೊಂದು ಕದನ: ಮೇಲೆ ಹೇಳಿದ ಗಾತ್ರದ ಲಕ್ಷಣಗಳೆಲ್ಲ ಇಲ್ಲಿವೆ. ಆದರೆ ಕಂಪನಿಯ ಕಣ್ಣಿನಲ್ಲಿ ಅವನು ರಾಜನಲ್ಲ, ದರೋಡೆಗಾರ. ಹಾಗಾಗಿ ಅವನ ಮೇಲೆ ಯುದ್ಧ ಸಾರುವ ಪ್ರಮೇಯವಿರಲಿಲ್ಲ, ಅವನೊಡನೆ ಒಪ್ಪಂದವೂ ಆಗಲಿಲ್ಲ. ಇಂದಿಗೂ ಪಠ್ಯಗಳು ಆಂಗ್ಲೋ-ಮೈಸೂರು ಯುದ್ಧಗಳನ್ನು ನಾಲ್ಕಕ್ಕೇ ನಿಲ್ಲಿಸಿ, ಧೋಂಡಿಯನನ್ನು ಮುಂದಿನ ಭಾಗದಲ್ಲಿ ‘ಪ್ರತಿರೋಧ’ ಎಂಬ ತಲೆಬರಹದ ಕೆಳಗೆ ತರುತ್ತವೆ.